ಮೊದಲ ಕಲೆಕ್ಷನ್‌ಗೆ ಟ್ರೆಂಡ್ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಡಿಸೈನರ್‌ಗಳು ನನ್ನನ್ನು ಕೇಳುವ ಪ್ರಶ್ನೆಗಳು ಸುಮಾರಾಗಿ ಇವೇ. ಕೈಯಲ್ಲಿ ಹತ್ತು ಹನ್ನೆರಡು ಉಡುಪಿನ ಒಂದು ಸಣ್ಣ ಕಲೆಕ್ಷನ್, ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್, ದುಬಾರಿ ರಿಪೋರ್ಟ್ ಕೊಳ್ಳಲು ದುಡ್ಡಿಲ್ಲ. ಅಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಎಲ್ಲಾ ವಿಧಾನಗಳನ್ನೂ ಹೇಳುವುದಿಲ್ಲ. ನಾನು ಜಾಸ್ತಿ ನಂಬುವುದು ಎಣಿಕೆಯನ್ನು, ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಮಾತು.

ಫೋರ್‌ಕಾಸ್ಟಿಂಗ್ ಅಂದ್ರೆ ಮುಂದಿನ ವರ್ಷ ಜನ ಏನು ಹಾಕ್ತಾರೆ ಅಂತ ಊಹಿಸೋದು, ಅಷ್ಟೇ ಅಲ್ವಾ?

ದೊಡ್ಡ ಕಂಪನಿಗೆ ಹಾಗೆ ಇರಬಹುದು. ನಿಮಗೆ ಅಷ್ಟು ದೊಡ್ಡ ಉತ್ತರ ಬೇಕಿಲ್ಲ. ನಿಮ್ಮ ಪ್ರಶ್ನೆ ತುಂಬಾ ಸಣ್ಣದು: ಈ ಹನ್ನೆರಡು ಉಡುಪುಗಳಲ್ಲಿ ಎಷ್ಟನ್ನು ಹೊಸದರ ಮೇಲೆ ಪಣಕ್ಕೆ ಇಡಲಿ, ಯಾವ ಹೊಸದರ ಮೇಲೆ ಇಡಲಿ?

ಇನ್ನೊಂದು ವಿಷಯ. "ಟ್ರೆಂಡ್" ಅನ್ನುವುದು ಒಂದೇ ವಸ್ತು ಅಲ್ಲ. ಒಂದು ಉಡುಪಿನಲ್ಲಿ ಆಕಾರ ಇದೆ, ಉದ್ದ ಇದೆ, ಬಟ್ಟೆ ಇದೆ, ಬಣ್ಣ ಇದೆ, ಕಾಲರ್, ತೋಳು, ಜೇಬಿನಂಥ ಸಣ್ಣ ವಿವರಗಳಿವೆ. ಇವೆಲ್ಲ ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ಪ್ಯಾಂಟಿನ ಆಕಾರ ಬದಲಾಗಲು ಹಲವು ವರ್ಷ ಬೇಕು. ಕಾಲರ್ ಮೇಲಿನ ಒಂದು ರಿಬ್ಬನ್ ಆರು ತಿಂಗಳಲ್ಲಿ ಬಂದು ಹೋಗಬಹುದು. ಮೂಡ್ ಬೋರ್ಡ್ ಮೇಲೆ ಇಪ್ಪತ್ತು ಚಿತ್ರ ಅಂಟಿಸಿ "ಇದೇ ಟ್ರೆಂಡ್" ಅಂದರೆ ಇವೆಲ್ಲ ಕಲಸುಮೇಲೋಗರ ಆಗಿಬಿಡುತ್ತವೆ. ಮೊದಲು ಬಿಡಿಸಿ, ಆಮೇಲೆ ನೋಡಿ.

ದುಡ್ಡು ಕೊಟ್ಟು ಟ್ರೆಂಡ್ ರಿಪೋರ್ಟ್ ತಗೋಬೇಕಾ?

ಮೊದಲ ಕಲೆಕ್ಷನ್‌ಗೆ ಬೇಡ. ಇಂಥ ರಿಪೋರ್ಟ್ ಮಾರುವ ಡಬ್ಲ್ಯುಜಿಎಸ್ಎನ್ ಕಂಪನಿ 1998ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಪ್ಯಾರಿಸ್ಸಿನ ಪ್ರೊಮೊಸ್ಟಿಲ್, ಪೆಕ್ಲರ್ಸ್ ಅದಕ್ಕಿಂತ ಹಳೆಯವು. ಇವರ ಕೆಲಸ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಆ ರಿಪೋರ್ಟ್‌ಗಳನ್ನು ಬರೆಯುವುದು ಸಾವಿರಾರು ಗ್ರಾಹಕರಿಗಾಗಿ, ಅದರಲ್ಲೂ ಹೆಚ್ಚಿನವರು ದೊಡ್ಡ ಬ್ರ್ಯಾಂಡ್‌ಗಳು. ನಿಮ್ಮ ಉಡುಪು ಯಾರು ಕೊಳ್ಳುತ್ತಾರೆ ಅನ್ನುವುದು ಅವರಿಗೆ ಗೊತ್ತಿಲ್ಲ. ಅದೂ ಅಲ್ಲದೆ, ಒಂದೇ ರಿಪೋರ್ಟ್ ಓದಿ ಎಲ್ಲರೂ ಒಂದೇ ಬಣ್ಣ ತಂದರೆ, ಬೆಲೆಯಲ್ಲಿ ದೊಡ್ಡವರ ಜೊತೆ ನೀವು ಗುದ್ದಾಡಬೇಕಾಗುತ್ತದೆ.

ಯಾವಾಗ ಶುರು ಮಾಡಬೇಕು?

ಮಾರಾಟದ ಮೊದಲ ದಿನದಿಂದ ಹಿಂದಕ್ಕೆ ಎಣಿಸಿ. ನಾನು ಸಣ್ಣ ಕಲೆಕ್ಷನ್‌ಗೆ ಇಡುವ ಲೆಕ್ಕ ಹೀಗೆ: ಪ್ಯಾಕಿಂಗ್, ಫೋಟೋಗೆ 2 ವಾರ, ಹೊಲಿಗೆಗೆ 8, ಬಟ್ಟೆ ಬರಲು 8, ಸ್ಯಾಂಪಲ್ ಮಾಡಿ ತಿದ್ದಲು 6, ಸಂಶೋಧನೆಗೆ 4. ಒಟ್ಟು 28 ವಾರ, ಅಂದರೆ ಆರೂವರೆ ತಿಂಗಳು. ನಿಮ್ಮ ಟೈಲರ್ ಬೇಗ ಕೊಡುವವರಾದರೆ ಕಡಿಮೆ ಆಗುತ್ತದೆ. ಬಟ್ಟೆಯನ್ನು ವಿಶೇಷವಾಗಿ ನೇಯಿಸುವುದಾದರೆ ಜಾಸ್ತಿ ಆಗುತ್ತದೆ.

ಈ ಪಟ್ಟಿಯಲ್ಲಿ ಒಂದು ದಿನಕ್ಕೆ ಕೆಂಪು ಗುರುತು ಹಾಕಿ: ಬಟ್ಟೆಗೆ ಆರ್ಡರ್ ಕೊಡುವ ದಿನ. ಅಲ್ಲಿಯವರೆಗೆ ಮನಸ್ಸು ಬದಲಾಯಿಸಿದರೆ ಹೋಗುವುದು ಪೇಪರ್ ಮತ್ತು ಒಂದೆರಡು ಸ್ಯಾಂಪಲ್. ಅದಾದ ಮೇಲೆ ಬದಲಾಯಿಸಿದರೆ ಹೋಗುವುದು ದುಡ್ಡು. ಮೇಲಿನ ಲೆಕ್ಕದಲ್ಲಿ ಆ ದಿನ ಮಾರಾಟಕ್ಕೆ 18 ವಾರ ಮೊದಲು ಬರುತ್ತದೆ. ಮಾರಾಟ ಮೂರು ತಿಂಗಳು ನಡೆಯುತ್ತದೆ ಅಂದುಕೊಂಡರೆ, ನಿಮ್ಮ ಅಂದಾಜು ಇವತ್ತಿನಿಂದ 18 ವಾರದಿಂದ 31 ವಾರದವರೆಗೆ ಸರಿ ಇದ್ದರೆ ಸಾಕು. ಐದು ವರ್ಷದ ಭವಿಷ್ಯ ಯಾರೂ ಕೇಳುತ್ತಿಲ್ಲ.

ರನ್‌ವೇ ಫೋಟೋ ನೋಡ್ತೀನಿ, ಆದ್ರೆ ಅದರಿಂದ ಏನು ತಗೋಬೇಕು ಅಂತ ಗೊತ್ತಾಗಲ್ಲ.

ನೋಡಬೇಡಿ, ಎಣಿಸಿ. ನೋಡಿದಾಗ ನೆನಪಿನಲ್ಲಿ ಉಳಿಯುವುದು ವಿಚಿತ್ರವಾದ ಉಡುಪು. ಎಣಿಸಿದಾಗ ಕಾಣುವುದು ಸದ್ದಿಲ್ಲದೆ ಹರಡುತ್ತಿರುವುದು. ಇದೇನೂ ಹೊಸ ಉಪಾಯವಲ್ಲ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ 1919ರಲ್ಲೇ ಹಳೆಯ ಫ್ಯಾಷನ್ ಚಿತ್ರಗಳ ಮೇಲೆ ಅಳತೆ ಹಿಡಿದು ಸ್ಕರ್ಟಿನ ಉದ್ದ, ಅಗಲ, ಸೊಂಟದ ಜಾಗ ಇವನ್ನೆಲ್ಲ ವರ್ಷ ವರ್ಷ ಬರೆದಿಟ್ಟಿದ್ದರು. 1940ರಲ್ಲಿ ಜೇನ್ ರಿಚರ್ಡ್‌ಸನ್ ಜೊತೆ ಸೇರಿ ಮೂರು ಶತಮಾನದ ಚಿತ್ರಗಳಿಗೆ ಅದನ್ನೇ ಮಾಡಿದರು. ಅವರ ಹತ್ತಿರ ಇದ್ದದ್ದು ಸ್ಕೇಲು, ನಿಮ್ಮ ಹತ್ತಿರ ಸ್ಪ್ರೆಡ್‌ಶೀಟ್ ಇದೆ.

ಹೀಗೆ ಮಾಡಿ. ನಿಮ್ಮ ಗ್ರಾಹಕರ ರುಚಿಗೆ ಹತ್ತಿರ ಇರುವ 20 ಬ್ರ್ಯಾಂಡ್ ಆರಿಸಿ. ಒಂದು ಸಲ ಆರಿಸಿದ ಮೇಲೆ ಪಟ್ಟಿ ಬದಲಾಯಿಸಬೇಡಿ. ಪ್ರತಿ ಶೋದಿಂದ 15 ಉಡುಪು ತೆಗೆದುಕೊಳ್ಳಿ, ಆದರೆ ಚೆನ್ನಾಗಿದೆ ಅಂತ ಆರಿಸಿಕೊಳ್ಳುವ ಹಾಗಿಲ್ಲ. 45 ಉಡುಪಿನ ಶೋ ಆದರೆ ಪ್ರತಿ ಮೂರನೆಯದು. ಇಷ್ಟ ಆಗಲಿ ಬಿಡಲಿ, ಅದೇ. ಒಂದು ಸೀಸನ್‌ಗೆ 300 ಸಾಲು ಆಗುತ್ತದೆ. ಹಾಗೇ ಮೂರು ವರ್ಷದ ಒಂದೇ ಸೀಸನ್ ಮಾಡಿ. ಬೇಸಿಗೆಯನ್ನು ಬೇಸಿಗೆಯ ಜೊತೆಗೇ ಹೋಲಿಸಬೇಕು. ಚಳಿಗಾಲದ ಜೊತೆ ಹೋಲಿಸಿದರೆ ಕೋಟು ಏಕಾಏಕಿ ಟ್ರೆಂಡ್ ಆದ ಹಾಗೆ ಕಾಣುತ್ತದೆ!

ಒಂದು ಸಾಲಿನಲ್ಲಿ ಬ್ರ್ಯಾಂಡ್, ಉಡುಪಿನ ವಿಧ, ಆಕಾರ, ಉದ್ದ, ಮುಖ್ಯ ಬಣ್ಣ, ಬಟ್ಟೆ, ಒಂದು ವಿವರ. ಏಳು ಕಾಲಮ್ ಸಾಕು. ಇಪ್ಪತ್ತು ಕಾಲಮ್ ಇಟ್ಟವರು ನೂರನೇ ಸಾಲಿಗೆ ಕೈಬಿಡುವುದನ್ನು ನೋಡಿದ್ದೇನೆ. ಪ್ರತಿ ಕಾಲಮ್‌ಗೂ ಮೊದಲೇ ಆಯ್ಕೆಗಳನ್ನು ಬರೆದಿಡಿ. ಪ್ಯಾಂಟಿನ ಆಕಾರಕ್ಕೆ "ಅಗಲ", "ನೇರ", "ಬ್ಯಾರೆಲ್", "ಬಿಗಿ" ಅಂತ ನಾಲ್ಕು, ಜೊತೆಗೆ ಯಾವುದಕ್ಕೂ ಸೇರದ್ದಕ್ಕೆ "ಇತರೆ". ಬ್ಯಾರೆಲ್ ಅಂದರೆ ಮೊಣಕಾಲಿನ ಹತ್ತಿರ ಉಬ್ಬಿ ಪಾದದ ಹತ್ತಿರ ಕಿರಿದಾಗುವುದು. ಅದನ್ನೂ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮೊದಲ ದಿನ ನೀವು "ಅಗಲ" ಅಂದದ್ದನ್ನೇ ಮೂರನೇ ದಿನ "ಬ್ಯಾರೆಲ್" ಅಂತ ಬರೆಯುತ್ತೀರಿ.

ಆಕಾರದ ಕಾಲಮ್ C ಆಗಿದ್ದು, ಹಾಳೆಯಲ್ಲಿ ಪ್ಯಾಂಟ್‌ಗಳನ್ನು ಮಾತ್ರ ಬೇರೆ ಮಾಡಿ ಇಟ್ಟುಕೊಂಡಿದ್ದರೆ, ಲೆಕ್ಕ ಇಷ್ಟೇ:

```
=COUNTIF(C2:C119,"ಬ್ಯಾರೆಲ್")/COUNTA(C2:C119)
```

ಭಾಗಿಸುವುದು ಪ್ಯಾಂಟ್‌ಗಳ ಸಂಖ್ಯೆಯಿಂದ, 300ರಿಂದ ಅಲ್ಲ. ಈ ತಪ್ಪು ತುಂಬಾ ಜನ ಮಾಡುತ್ತಾರೆ. ಒಂದು ಸೀಸನ್‌ನಲ್ಲಿ ಉಡುಪುಗಳೆಲ್ಲ ಸ್ಕರ್ಟ್ ಕಡೆಗೆ ವಾಲಿದರೆ ಎಲ್ಲಾ ಪ್ಯಾಂಟ್ ಆಕಾರಗಳೂ "ಕುಸಿದ" ಹಾಗೆ ಕಾಣುತ್ತವೆ, ನಿಜವಾಗಿ ಆಕಾರದಲ್ಲಿ ಏನೂ ಬದಲಾಗಿರುವುದಿಲ್ಲ.

ಎಣಿಸಿದ ಮೇಲೆ ಆ ಅಂಕಿಗಳನ್ನು ಓದೋದು ಹೇಗೆ? ಒಂದು ಉದಾಹರಣೆ ಕೊಡಿ.

ಕೊಡುತ್ತೇನೆ. ಈ ಅಂಕಿಗಳು ಓದುವ ಕ್ರಮ ತೋರಿಸಲು ನಾನು ಹಾಕಿಕೊಂಡವು, ಯಾವುದೇ ಸೀಸನ್ನಿನ ನಿಜವಾದ ಅಂಕಿಗಳಲ್ಲ.

ಮೂರು ಬೇಸಿಗೆಗಳಲ್ಲಿ ಪ್ಯಾಂಟ್‌ಗಳ ಸಂಖ್ಯೆ 120, 125, 118 ಅಂತ ಇಟ್ಟುಕೊಳ್ಳಿ. ಅದರಲ್ಲಿ ಅಗಲ ಕಾಲಿನವು 66, 60, 46. ಅಂದರೆ 55%, 48%, 39%. ಬ್ಯಾರೆಲ್ 6, 14, 26. ಅಂದರೆ 5%, 11%, 22%. ಅಂಚಿಗೆ ಕುಚ್ಚು ಇಳಿಬಿಟ್ಟ ಪ್ಯಾಂಟ್ 2, 11, 4.

ಇಷ್ಟು ನೋಡಿ "ಅಗಲ ಕಾಲು ಸತ್ತಿತು, ಬ್ಯಾರೆಲ್ ಬಂತು" ಅಂತ ಹೊರಡಬೇಡಿ. ಇನ್ನೊಂದು ಎಣಿಕೆ ಇದೆ, ನನ್ನ ಪ್ರಕಾರ ಅದೇ ಮುಖ್ಯ: 20ರಲ್ಲಿ ಎಷ್ಟು ಬ್ರ್ಯಾಂಡ್‌ಗಳು ಅದನ್ನು ತೋರಿಸಿದವು? ಅಗಲ ಕಾಲು 17, 17, 16. ಬ್ಯಾರೆಲ್ 2, 5, 9. ಕುಚ್ಚು 1, 2, 1.

ಈಗ ಚಿತ್ರ ಬೇರೆಯಾಯಿತು. ಕುಚ್ಚು ಮಧ್ಯದ ವರ್ಷ ಜಿಗಿದದ್ದು ಯಾರೋ ಒಬ್ಬ ಡಿಸೈನರ್ ಒಂದೇ ಶೋದಲ್ಲಿ ಹತ್ತು ಸಲ ಬಳಸಿದ್ದರಿಂದ. ಅದು ಅವರ ಹುಚ್ಚು, ಟ್ರೆಂಡ್ ಅಲ್ಲ. ಬ್ಯಾರೆಲ್ ಪಾಲೂ ಏರಿದೆ, ಬ್ರ್ಯಾಂಡ್‌ಗಳ ಸಂಖ್ಯೆಯೂ ಏರಿದೆ, ಅಂದರೆ ಒಬ್ಬರನ್ನು ನೋಡಿ ಒಬ್ಬರು ತೆಗೆದುಕೊಳ್ಳುತ್ತಿದ್ದಾರೆ. ಅಗಲ ಕಾಲಿನ ಪಾಲು ಇಳಿದಿದೆ, ಆದರೆ ಹೆಚ್ಚುಕಮ್ಮಿ ಎಲ್ಲರೂ ಇನ್ನೂ ಎರಡು ಮೂರು ಇಟ್ಟುಕೊಂಡಿದ್ದಾರೆ. ರನ್‌ವೇಗೆ ಅದು ಹಳೆಯದಾಯಿತು, ಆದರೆ ಅಂಗಡಿಯಲ್ಲಿ ಈಗ ತಾನೇ ಜನರ ಕೈಗೆ ಸಿಗುತ್ತಿರಬಹುದು. ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲಿ ಹೇಳಿದ ಹಂಚಿಕೆ ನಿಮಗೆ ಗೊತ್ತಿರಬಹುದು: ಹೊಸದನ್ನು ಮೊದಲು ಹಿಡಿಯುವವರು 2.5%, ಅವರ ಹಿಂದೆ 13.5%, ಆಮೇಲೆ ಬರುವ ದೊಡ್ಡ ಗುಂಪು 34%. ನಿಮ್ಮ ಗ್ರಾಹಕರು ಆ ದೊಡ್ಡ ಗುಂಪಿನವರಾದರೆ, ಇಳಿಯುತ್ತಿದೆ ಅಂತ ಕಾಣುವ ಅಗಲ ಕಾಲೇ ಅವರಿಗೆ ಹೊಸದು.

ಎಷ್ಟು ವ್ಯತ್ಯಾಸ ಬಂದರೆ ನಂಬಬೇಕು?

100 ಫೋಟೋದಲ್ಲಿ 30 ಸಿಕ್ಕರೆ, ಬರೀ ಆಕಸ್ಮಿಕದಿಂದಲೇ ಅದು 21ರಿಂದ 39ರ ನಡುವೆ ಎಲ್ಲಿ ಬೇಕಾದರೂ ಇರಬಹುದಿತ್ತು. 300 ಫೋಟೋ ಆದರೆ ಆ ಅಲುಗಾಟ ಸುಮಾರು 5% ಆಚೀಚೆ. ಜೊತೆಗೆ ಒಂದೇ ಶೋದ 15 ಉಡುಪುಗಳು ಒಂದೇ ಕೈಯಿಂದ ಬಂದವು, ಅವು 15 ಬೇರೆ ಬೇರೆ ಅಭಿಪ್ರಾಯಗಳಲ್ಲ. ಹಾಗಾಗಿ ನಿಜವಾದ ಅಲುಗಾಟ ಇನ್ನೂ ಜಾಸ್ತಿ. ನಾನು ಪ್ಯಾಂಟಿನಂಥ ನೂರು ಚಿಲ್ಲರೆ ಎಣಿಕೆಯಲ್ಲಿ ಸೀಸನ್‌ನಿಂದ ಸೀಸನ್‌ಗೆ 10%ಗಿಂತ ಕಡಿಮೆ ಬದಲಾದರೆ ಒಂದೇ ಸಲಕ್ಕೆ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮೂರು ಸೀಸನ್ ಒಂದೇ ದಿಕ್ಕಿಗೆ ಹೋದರೆ ತಗೊಳ್ಳುತ್ತೇನೆ, ಬ್ರ್ಯಾಂಡ್‌ಗಳ ಸಂಖ್ಯೆಯೂ ಜೊತೆಗೆ ಏರಿದ್ದರೆ ಮಾತ್ರ.

ಗೂಗಲ್ ಟ್ರೆಂಡ್ಸ್ ನೋಡಿದ್ರೆ ಸಾಕಲ್ವಾ, ಇಷ್ಟೆಲ್ಲಾ ಯಾಕೆ?

ಅದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ರನ್‌ವೇ ಎಣಿಕೆ ಡಿಸೈನರ್‌ಗಳು ಏನು ತೋರಿಸುತ್ತಿದ್ದಾರೆ ಅಂತ ಹೇಳುತ್ತದೆ. ಹುಡುಕಾಟದ ಗ್ರಾಫ್ ಜನರಿಗೆ ಅದರ ಹೆಸರು ಗೊತ್ತಾಗಿದೆಯಾ ಅಂತ ಹೇಳುತ್ತದೆ. ಎರಡೂ ಬೇಕು.

ಅಲ್ಲಿ ಕಾಣುವ 0ರಿಂದ 100ರ ಅಂಕಿ ಹುಡುಕಿದವರ ಸಂಖ್ಯೆ ಅಲ್ಲ. ನೀವು ಆರಿಸಿದ ಜಾಗ, ಅವಧಿಯಲ್ಲಿ ಅತಿ ಹೆಚ್ಚು ಇದ್ದ ಹೊತ್ತನ್ನು 100 ಅಂತ ಮಾಡಿ, ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸುತ್ತಾರೆ. ಆದ್ದರಿಂದ ತೀರಾ ಕಡಿಮೆ ಜನ ಹುಡುಕುವ ಒಂದು ಪದಕ್ಕೂ ಸೊಗಸಾದ ಗುಡ್ಡ ಬರುತ್ತದೆ! ಇದಕ್ಕೆ ಸುಲಭದ ಪರಿಹಾರ ಇದೆ. ಯಾವಾಗಲೂ ಜೊತೆಗೆ ಒಂದು ಗೊತ್ತಿರುವ ಪದ ಹಾಕಿ. `barrel leg jeans` ಜೊತೆಗೆ `wide leg jeans` ಮತ್ತು `skinny jeans`. ಒಟ್ಟಿಗೆ ಹಲವು ಪದ ಹೋಲಿಸಬಹುದು. ಆಗ ನಿಮ್ಮ ಗುಡ್ಡ ಬೆಟ್ಟದ ಪಕ್ಕದ ಇರುವೆಗೂಡಾ ಅಥವಾ ನಿಜವಾಗಿ ಬೆಳೆಯುತ್ತಿದೆಯಾ ಅಂತ ಗೊತ್ತಾಗುತ್ತದೆ.

ಅವಧಿ ಐದು ವರ್ಷ ಇಡಿ. 90 ದಿನ ಇಟ್ಟರೆ ಬೇಸಿಗೆ ಶುರುವಾದದ್ದನ್ನೇ ನೀವು ಟ್ರೆಂಡ್ ಅಂದುಕೊಳ್ಳುತ್ತೀರಿ. ಐದು ವರ್ಷದ ಗ್ರಾಫ್‌ನಲ್ಲಿ ಪ್ರತಿ ವರ್ಷ ಅದೇ ತಿಂಗಳಲ್ಲಿ ಏರಿ ಇಳಿಯುವ ಹಲ್ಲುಗಳು ಕಾಣುತ್ತವೆ. ಅವು ಋತುವಿನ ಆಟ. ನೀವು ನೋಡಬೇಕಾದ್ದು ಈ ವರ್ಷದ ಹಲ್ಲು ಹೋದ ವರ್ಷದ್ದಕ್ಕಿಂತ ಎತ್ತರ ಇದೆಯಾ, ಮತ್ತು ಹಲ್ಲುಗಳ ನಡುವಿನ ತಗ್ಗೂ ಮೇಲೆ ಬರುತ್ತಿದೆಯಾ ಅಂತ. ತಗ್ಗು ಏರುತ್ತಿದೆ ಅಂದರೆ ಸೀಸನ್ ಇಲ್ಲದಾಗಲೂ ಜನ ಹುಡುಕುತ್ತಿದ್ದಾರೆ. ಅದು ನನಗೆ ಎಲ್ಲಕ್ಕಿಂತ ಒಳ್ಳೆಯ ಸೂಚನೆ.

ಒಂದೇ ಸಲ ಸೂಜಿಯ ಹಾಗೆ ಎದ್ದು ಬಿದ್ದದ್ದು ಕಂಡರೆ ಆ ವಾರ ಏನಾಯಿತು ಅಂತ ನೋಡಿ. ಹೆಚ್ಚಿನ ಸಲ ಯಾರೋ ಪ್ರಸಿದ್ಧರು ಹಾಕಿಕೊಂಡಿರುತ್ತಾರೆ. ಸೂಜಿಗೆ ನಾವು ಬಟ್ಟೆ ಕೊಳ್ಳುವ ಹೊತ್ತಿಗೆ ಅದು ಮುಗಿದಿರುತ್ತದೆ, ನಮ್ಮದು 18 ವಾರದ ಆಟ.

ಇನ್‌ಸ್ಟಾಗ್ರಾಮ್, ಪಿಂಟರೆಸ್ಟ್‌ನಲ್ಲಿ ಎಲ್ಲಾ ಕಡೆ ಒಂದೇ ಕಾಣ್ತಿದೆ, ಅದು ಟ್ರೆಂಡ್ ಅಲ್ವಾ?

ನಿಮ್ಮ ಫೋನಿನಲ್ಲಿ ಎಲ್ಲಾ ಕಡೆ ಕಾಣುತ್ತಿದೆ. ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಒಂದು ಸಲ ಮಾಸಲು ಹಸಿರು ಬಣ್ಣದ ನಾಲ್ಕೈದು ಚಿತ್ರ ಸೇವ್ ಮಾಡಿದೆ. ಎರಡು ವಾರದಲ್ಲಿ ನನ್ನ ಫೀಡ್ ತುಂಬಾ ಅದೇ ಹಸಿರು. "ಎಲ್ಲರೂ ಹಸಿರಿನ ಹಿಂದೆ ಬಿದ್ದಿದ್ದಾರೆ" ಅಂತ 60 ಮೀಟರ್ ಬಟ್ಟೆಗೆ ಆರ್ಡರ್ ಕೊಟ್ಟೆ. ಆಮೇಲೆ ಸ್ನೇಹಿತೆಯೊಬ್ಬಳ ಫೋನ್ ನೋಡಿದರೆ ಅಲ್ಲಿ ಒಂದೇ ಒಂದು ಹಸಿರಿಲ್ಲ, ಬರೀ ಬೆಣ್ಣೆಯ ಹಳದಿ! ನಾನು ನೋಡುತ್ತಿದ್ದದ್ದು ನನ್ನದೇ ಮುಖ, ಕನ್ನಡಿಯಲ್ಲಿ. ಆ ಬಟ್ಟೆಯಲ್ಲಿ ಅರ್ಧ ಲೈನಿಂಗ್ ಆಯಿತು.

ಈಗ ನಾನು ಮಾಡುವುದು ಇಷ್ಟು. ಸಂಶೋಧನೆಗೆ ಒಂದು ಬೇರೆ ಖಾತೆ ಇದೆ, ಅದರಲ್ಲಿ ಲೈಕ್ ಒತ್ತುವುದಿಲ್ಲ, ಸೇವ್ ಮಾಡುವುದಿಲ್ಲ. 30 ಜನರ ಪಟ್ಟಿ ಇದೆ. ಅವರು ಸೆಲೆಬ್ರಿಟಿಗಳಲ್ಲ, ನನ್ನ ಗ್ರಾಹಕರ ಹಾಗೆ ಬಟ್ಟೆ ಹಾಕುವವರು. ಸೋಮವಾರ ಸೋಮವಾರ ಅವರ ಪ್ರೊಫೈಲ್‌ಗೇ ಹೋಗಿ ಕೊನೆಯ ಫೋಟೋ ನೋಡಿ ಅದೇ ಏಳು ಕಾಲಮ್‌ನಲ್ಲಿ ಬರೆಯುತ್ತೇನೆ. ಫೀಡ್ ನೋಡುವುದೇ ಇಲ್ಲ. ಅರ್ಧ ಗಂಟೆಯ ಕೆಲಸ. ಎಂಟು ವಾರಕ್ಕೆ 240 ಸಾಲು ಆಗುತ್ತದೆ.

ಅಂಗಡಿಗಳಲ್ಲಿ ಏನು ನೋಡಬೇಕು?

ಏನು ನೇತುಹಾಕಿದ್ದಾರೆ ಅನ್ನುವುದಕ್ಕಿಂತ ಏನು ಕಾಣೆಯಾಗಿದೆ ಅನ್ನುವುದು ಮುಖ್ಯ. ಒಂದೇ ಅಂಗಡಿಗೆ ಅಥವಾ ಒಂದೇ ವೆಬ್‌ಸೈಟಿಗೆ ನಾಲ್ಕು ವಾರ ಬಿಟ್ಟು ಎರಡು ಸಲ ಹೋಗಿ. ಮೊದಲ ಸಲ ನಿಮ್ಮ ವಿಭಾಗದ 20 ಉಡುಪಿನ ಬೆಲೆ, ಬಣ್ಣ, ಇರುವ ಸೈಜ್ ಬರೆದುಕೊಳ್ಳಿ. ಎರಡನೇ ಸಲ ಅದೇ 20ನ್ನು ಹುಡುಕಿ.

ಪೂರ್ತಿ ಬೆಲೆಯಲ್ಲೇ ಇದ್ದು ಮಧ್ಯದ ಸೈಜುಗಳು ಖಾಲಿಯಾಗಿದ್ದರೆ ಅದು ಮಾರಾಟವಾಗುತ್ತಿದೆ. ಎಲ್ಲಾ ಸೈಜ್ ಇದ್ದು ಬೆಲೆ ಇಳಿದಿದ್ದರೆ ಯಾರೂ ಮುಟ್ಟಿಲ್ಲ. "ಸ್ಟಾಕ್ ಇಲ್ಲ" ಅನ್ನುವುದನ್ನು ಮಾತ್ರ ನೋಡಿ ಕುಣಿಯಬೇಡಿ, ಅವರು ಹತ್ತೇ ಪೀಸ್ ತರಿಸಿದ್ದಿರಬಹುದು. ಅದು ಮತ್ತೆ ಬಂತಾ, ಬಂದಾಗ ಇನ್ನೊಂದು ಬಣ್ಣದಲ್ಲೂ ಬಂತಾ ಅಂತ ನೋಡಿ. ಓಡದ ಉಡುಪನ್ನು ಇನ್ನೊಂದು ಬಣ್ಣದಲ್ಲಿ ಮತ್ತೆ ಹೊಲಿಸಲು ಯಾರೂ ದುಡ್ಡು ಹಾಕುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಅಗಲ ಕಾಲಿನ ಪ್ಯಾಂಟ್ ಪೂರ್ತಿ ಬೆಲೆಯಲ್ಲಿ ಮೂರನೇ ಬಣ್ಣಕ್ಕೆ ಬಂದಿದೆ, ಬ್ಯಾರೆಲ್ ದುಬಾರಿ ಅಂಗಡಿಯಲ್ಲಿ ಮಾತ್ರ ಇದ್ದು ಸೈಜುಗಳು ಖಾಲಿ, ಅಗ್ಗದ ಅಂಗಡಿಯಲ್ಲಿ ಇನ್ನೂ ಇಲ್ಲ ಅಂದುಕೊಳ್ಳಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದು ಕಷ್ಟ. ಅಗ್ಗದ ಅಂಗಡಿಯಲ್ಲಿ ರಾಶಿ ಬಿದ್ದ ಮೇಲೆ ನೀವು ತಂದರೆ, ಬೆಲೆ ಹೇಳುವಾಗ ನಿಮಗೇ ಸಂಕೋಚ ಆಗುತ್ತದೆ.

ಬಣ್ಣ ಹೇಗೆ ಆರಿಸೋದು? ಪ್ಯಾಂಟೋನ್ ವರ್ಷದ ಬಣ್ಣ ತಗೊಂಡ್ರೆ ಆಯ್ತಲ್ವಾ?

ಪ್ಯಾಂಟೋನ್ ವರ್ಷದ ಬಣ್ಣವನ್ನು ಹಿಂದಿನ ಡಿಸೆಂಬರ್‌ನಲ್ಲಿ ಹೇಳುತ್ತದೆ. 2025ಕ್ಕೆ ಮೋಕಾ ಮೂಸ್ ಅನ್ನುವ ಕಂದು ಬಂತು. ಆ ಹೊತ್ತಿಗೆ ಕಂದು ರನ್‌ವೇಯಲ್ಲೂ ಅಂಗಡಿಯಲ್ಲೂ ಆಗಲೇ ಓಡಾಡುತ್ತಿತ್ತು. ಬಣ್ಣದ ನಿರ್ಧಾರಗಳು ತುಂಬಾ ಮೊದಲೇ ಶುರುವಾಗುತ್ತವೆ. ಇಂಟರ್‌ಕಲರ್ ಅನ್ನುವ ಒಕ್ಕೂಟದಲ್ಲಿ ಬೇರೆ ಬೇರೆ ದೇಶದವರು ಸೇರಿ ಸುಮಾರು ಎರಡು ವರ್ಷ ಮುಂಚೆ ಬಣ್ಣ ಚರ್ಚಿಸುತ್ತಾರೆ. ಆಮೇಲೆ ನೂಲಿನ ಮೇಳ, ಅದಾದ ಮೇಲೆ ಪ್ಯಾರಿಸ್ಸಿನ ಪ್ರೀಮಿಯರ್ ವಿಷನ್‌ನಂಥ ಬಟ್ಟೆ ಮೇಳ, ಅದು ಸುಮಾರು ಒಂದು ವರ್ಷ ಮುಂಚೆ. ರನ್‌ವೇ ಆರು ತಿಂಗಳು ಮುಂಚೆ. ಹಾಗಾಗಿ ನಿಮ್ಮ ಬಟ್ಟೆ ಮಾರುವವರು ಮುಂದಿನ ಸೀಸನ್‌ಗೆ ಯಾವ ಬಣ್ಣದ ಥಾನು ತರಿಸುತ್ತಿದ್ದಾರೆ ಅಂತ ಕೇಳುವುದು, ಡಿಸೆಂಬರ್‌ವರೆಗೆ ಕಾಯುವುದಕ್ಕಿಂತ ಉಪಯೋಗ.

ಎಣಿಸುವಾಗ ಬಣ್ಣದ ಹೆಸರು ಬರೆಯಬೇಡಿ. ಒಬ್ಬರ "ಚಾಕೊಲೇಟ್" ಇನ್ನೊಬ್ಬರ "ಕಾಫಿ". ಮೂಲ ಬಣ್ಣ, ತಿಳಿಯಾ ಗಾಢವಾ, ಮಾಸಲಾ ಹೊಳಪಾ, ಈ ಮೂರೇ ಬರೆಯಿರಿ. ಆಗ ಒಂದು ವಿಷಯ ಕಾಣಬಹುದು: ಎಷ್ಟೋ ಸಲ ಬದಲಾಗುವುದು ಬಣ್ಣ ಅಲ್ಲ, ಮಾಸಲುತನ. ನೀಲಿ ನೀಲಿಯೇ ಇರುತ್ತದೆ, ಆದರೆ ಎಲ್ಲಾ ನೀಲಿಗಳೂ ಬೂದಿಯ ಕಡೆಗೆ ಸರಿದಿರುತ್ತವೆ.

ಫೋನಿನ ಪರದೆ ನೋಡಿ ಬಣ್ಣ ಖಾಯಂ ಮಾಡಬೇಡಿ. ಬಣ್ಣ ಹಾಕುವವರಿಂದ ನಿಮ್ಮದೇ ಬಟ್ಟೆಯ ತುಂಡಿನ ಮೇಲೆ ಲ್ಯಾಬ್ ಡಿಪ್, ಅಂದರೆ ಬಣ್ಣದ ಮಾದರಿ, ಮಾಡಿಸಿ. ಅದನ್ನು ಹಗಲು ಬೆಳಕಿನಲ್ಲೂ ಅಂಗಡಿಯಂಥ ದೀಪದಲ್ಲೂ ನೋಡಿ. ಒಂದು ಬೆಳಕಿನಲ್ಲಿ ಜೋಡಿ ಆಗುವ ಪ್ಯಾಂಟು, ಶರ್ಟು ಇನ್ನೊಂದರಲ್ಲಿ ಬೇರೆ ಬೇರೆ ಕಾಣುವುದು ಮಾಮೂಲು.

ಸಾಧ್ಯವಾದರೆ ಬಣ್ಣದ ನಿರ್ಧಾರವನ್ನೇ ಮುಂದಕ್ಕೆ ಹಾಕಿ. ಇಟಲಿಯ ಉಡುಪು ಕಂಪನಿ ಬೆನೆಟನ್ ಇದಕ್ಕೇ ಹೆಸರುವಾಸಿ. ಸ್ವೆಟರ್‌ಗಳನ್ನು ಬಣ್ಣವಿಲ್ಲದ ನೂಲಿನಲ್ಲಿ ಹೆಣೆದಿಟ್ಟು, ಯಾವ ಬಣ್ಣ ಹೋಗುತ್ತಿದೆ ಅಂತ ನೋಡಿ ಆಮೇಲೆ ಬಣ್ಣ ಹಾಕುತ್ತಿದ್ದರು. ನೀವು ಹತ್ತಿ ಬಟ್ಟೆಯಲ್ಲಿ ಅರ್ಧದಷ್ಟನ್ನು ಬಣ್ಣ ಹಾಕದೆ ಇಟ್ಟುಕೊಳ್ಳಬಹುದು. ಹೊಲಿದ ಮೇಲೆ ಬಣ್ಣ ಹಾಕುವುದಾದರೆ ಎಷ್ಟು ಕುಗ್ಗುತ್ತದೆ ಅಂತ ಮೊದಲು ನೋಡಿ, ಪ್ಯಾಟರ್ನ್ ಅಷ್ಟು ದೊಡ್ಡದು ಮಾಡಿ. ದಾರವೂ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಆ ಬಣ್ಣ ಹಿಡಿಯುವುದಿಲ್ಲ, ಹೊಲಿಗೆಯೆಲ್ಲ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ.

ಇಷ್ಟೆಲ್ಲಾ ಮಾಹಿತಿ ಇಟ್ಕೊಂಡು 12 ಉಡುಪು ಹಂಚೋದು ಹೇಗೆ?

ನಾನು 6, 4, 2 ಅಂತ ಹಂಚುತ್ತೇನೆ. ಆರು ನಿಮಗೆ ಚೆನ್ನಾಗಿ ಗೊತ್ತಿರುವ ಆಕಾರಗಳು. ನಾಲ್ಕು ಏರುತ್ತಿರುವುದು. ಎರಡು ಬರೀ ನಿಮ್ಮ ಹಠ, ಲೆಕ್ಕದಲ್ಲಿ ಇಲ್ಲದ್ದು. ಆ ಎರಡನ್ನು ಬಿಡಬೇಡಿ, ಇಲ್ಲದಿದ್ದರೆ ಕಲೆಕ್ಷನ್ ಸ್ಪ್ರೆಡ್‌ಶೀಟಿನ ಹಾಗೇ ಕಾಣುತ್ತದೆ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಏರುತ್ತಿರುವ ನಾಲ್ಕರಲ್ಲಿ, ಒಂದು ಉಡುಪಿಗೆ ಒಂದೇ ಹೊಸದು. ಬ್ಯಾರೆಲ್ ಪ್ಯಾಂಟ್ ಮಾಡುತ್ತೀರಾ, ಹಾಗಾದರೆ ಅದು ಕಪ್ಪು ಅಥವಾ ನೀಲಿ ಇರಲಿ, ಬಟ್ಟೆ ನೀವು ಮೊದಲು ಹೊಲಿದದ್ದೇ ಇರಲಿ. ಹೊಸ ಮಾಸಲು ಬಣ್ಣ ತರುತ್ತೀರಾ, ಅದನ್ನು ಎಲ್ಲರೂ ಕೊಳ್ಳುವ ಸಾದಾ ಶರ್ಟ್ ಮೇಲೆ ತನ್ನಿ. ಹೊಸ ಆಕಾರ, ಹೊಸ ಬಣ್ಣ, ಹೊಸ ಬಟ್ಟೆ ಮೂರನ್ನೂ ಒಂದೇ ಪ್ಯಾಂಟಿಗೆ ತುರುಕಿ ಅದು ಓಡದಿದ್ದರೆ, ಯಾವುದರಿಂದ ಓಡಲಿಲ್ಲ ಅಂತ ನಿಮಗೆ ಎಂದೂ ಗೊತ್ತಾಗುವುದಿಲ್ಲ.

ಇನ್ನೊಂದು ಉಪಾಯ ಬಟ್ಟೆಯಲ್ಲಿದೆ. ಅಗಲ ಕಾಲಿಗೂ ಬ್ಯಾರೆಲ್‌ಗೂ ಒಂದೇ ಬಟ್ಟೆ ತಗೊಳ್ಳಿ. ಎರಡರಿಂದ ಒಟ್ಟು 80 ಪ್ಯಾಂಟ್ ಬೇಕು ಅಂದರೆ ಮೊದಲು ತಲಾ 25 ಮಾತ್ರ ಕತ್ತರಿಸಿ, 30 ಪ್ಯಾಂಟಿನ ಬಟ್ಟೆಯನ್ನು ಥಾನಿನಲ್ಲೇ ಬಿಡಿ. ಮೂರು ವಾರದಲ್ಲಿ ಯಾವುದು ಓಡುತ್ತಿದೆ ಅಂತ ನೋಡಿ ಉಳಿದದ್ದನ್ನು ಅದಕ್ಕೇ ಕತ್ತರಿಸಿ. ಆಗ ಬಟ್ಟೆಯ ಮಟ್ಟಿಗೆ ನೀವು ಊಹಿಸಬೇಕಾದ್ದು "80 ಪ್ಯಾಂಟ್ ಹೋಗುತ್ತದಾ" ಅಂತ ಮಾತ್ರ. ಯಾವ ಆಕಾರ ಎಷ್ಟು ಅನ್ನುವುದನ್ನು ಗ್ರಾಹಕರೇ ಹೇಳುತ್ತಾರೆ. ಆದರೆ ಆ 30ನ್ನು ತಕ್ಷಣ ಹೊಲಿದುಕೊಡುವ ಟೈಲರ್ ಜೊತೆ ಮೊದಲೇ ಮಾತಾಡಿಡಿ, ಇಲ್ಲದಿದ್ದರೆ ಬಟ್ಟೆ ಇದ್ದೂ ಸೀಸನ್ ಹೋಗುತ್ತದೆ.

ಇಪ್ಪತ್ತು ವರ್ಷಕ್ಕೆ ಫ್ಯಾಷನ್ ವಾಪಸ್ ಬರುತ್ತೆ, ಷೇರು ಮಾರ್ಕೆಟ್ ಏರಿದ್ರೆ ಸ್ಕರ್ಟ್ ಗಿಡ್ಡ ಆಗುತ್ತೆ ಅಂತಾರಲ್ಲ?

ಮಾತಿಗೆ ಚೆಂದ, ಆರ್ಡರ್ ಕೊಡಲು ಅಲ್ಲ. ಉಡುಪಿನ ಇತಿಹಾಸಕಾರ ಜೇಮ್ಸ್ ಲೇವರ್ 1937ರಲ್ಲಿ ಮಾಡಿದ ಪಟ್ಟಿಯಲ್ಲಿ 20 ವರ್ಷ ಹಳೆಯ ಉಡುಪು ಇನ್ನೂ ನಗೆಪಾಟಲು, 30ಕ್ಕೆ ಬರೀ ತಮಾಷೆ, ಆಕರ್ಷಕ ಅನ್ನಿಸಲು 70 ಬೇಕು! ಸ್ಕರ್ಟಿನ ಉದ್ದದ ಮಾತನ್ನು 2010ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಅಂಕಿ ಇಟ್ಟು ನೋಡಿದರು. ಸಂಬಂಧ ಇದೆ, ಆದರೆ ಸ್ಕರ್ಟು ಆರ್ಥಿಕತೆಯ ಹಿಂದೆ ಸುಮಾರು ಮೂರು ವರ್ಷ ತಡವಾಗಿ ಬರುತ್ತದೆ ಅಂತ ಕಂಡಿತು. ನಮ್ಮ 18 ವಾರಕ್ಕೆ ಇದರಿಂದ ಏನೂ ಸಿಗುವುದಿಲ್ಲ.

ನನ್ನ ಅಂದಾಜು ಸರಿ ಇತ್ತಾ ಅಂತ ಆಮೇಲೆ ತಿಳಿಯೋದು ಹೇಗೆ?

ಮೊದಲೇ ಬರೆದಿಟ್ಟಿದ್ದರೆ ಮಾತ್ರ ತಿಳಿಯುತ್ತದೆ. ಬಟ್ಟೆಗೆ ಆರ್ಡರ್ ಕೊಡುವ ದಿನವೇ, ತಾರೀಖು ಹಾಕಿ, ಅಂಕಿಯ ಜೊತೆ ಬರೆಯಿರಿ: "ಮೊದಲ ಆರು ವಾರದಲ್ಲಿ ಮಾರಾಟವಾಗುವ ಪ್ಯಾಂಟ್‌ಗಳಲ್ಲಿ ಬ್ಯಾರೆಲ್ 40% ಇರುತ್ತದೆ. 25%ಗಿಂತ ಕಡಿಮೆ ಆದರೆ ನನ್ನ ಓದು ತಪ್ಪು." "ಬ್ಯಾರೆಲ್ ಬರುತ್ತದೆ" ಅಂತ ಬರೆದರೆ ಅದು ಎಂದಿಗೂ ತಪ್ಪಾಗುವುದಿಲ್ಲ, ಹಾಗಾಗಿ ಉಪಯೋಗವೂ ಇಲ್ಲ.

ಆರನೇ ವಾರ ಎರಡು ಅಂಕಿ ತೆಗೆಯಿರಿ. ಒಂದು ಮೇಲಿನ ಪಾಲು. ಇನ್ನೊಂದು, ಬಂದ ಸ್ಟಾಕಿನಲ್ಲಿ ಪೂರ್ತಿ ಬೆಲೆಗೆ ಎಷ್ಟು ಹೋಯಿತು ಅನ್ನುವುದು. 40 ಬಂದು 26 ಹೋಗಿದ್ದರೆ 65%. ಇದನ್ನು ಇಡೀ ಕಲೆಕ್ಷನ್ನಿನ ಸರಾಸರಿಗೆ ಹೋಲಿಸಿ. ಸರಾಸರಿಯೇ 70% ಇದ್ದರೆ ನಿಮ್ಮ ಬ್ಯಾರೆಲ್ ಗೆದ್ದದ್ದು ಅಲ್ಲ, ಎಲ್ಲವೂ ಹೋಗುವಾಗ ಅದೂ ಹೋಯಿತು ಅಷ್ಟೇ.

ಓಡದಿದ್ದರೆ ಟ್ರೆಂಡ್ ಮೇಲೆ ಗೂಬೆ ಕೂರಿಸುವ ಮೊದಲು ವಾಪಸ್ ಬಂದ ಪೀಸ್‌ಗಳನ್ನು ನೋಡಿ. ಟ್ರಯಲ್ ಹಾಕಿ ನೋಡಿದವರಲ್ಲಿ, ವಾಪಸ್ ಕಳಿಸಿದವರಲ್ಲಿ ನಾಲ್ಕು ಜನರನ್ನು ಕೇಳಿ. "ಇಂಥದ್ದು ನಾನು ಹಾಕಲ್ಲ" ಅಂದರೆ ನಿಮ್ಮ ಓದು ತಪ್ಪು. "ಚೆನ್ನಾಗಿದೆ, ಆದರೆ ತೊಡೆ ಹತ್ತಿರ ಹಿಡಿಯುತ್ತದೆ" ಅಂದರೆ ನಿಮ್ಮ ಪ್ಯಾಟರ್ನ್ ತಪ್ಪು. ಬ್ಯಾರೆಲ್‌ನಲ್ಲಿ ಇದು ಆಗುತ್ತಲೇ ಇರುತ್ತದೆ. ಉಬ್ಬನ್ನು ಪೂರ್ತಿ ಹೊರಗಿನ ಹೊಲಿಗೆಗೆ ಕೊಟ್ಟು ಒಳಗಿನ ಹೊಲಿಗೆ ಹಳೆಯ ನೇರ ಪ್ಯಾಂಟಿನದೇ ಇಟ್ಟಿರುತ್ತಾರೆ, ಕಾಲು ಹೊರಕ್ಕೆ ತಿರುಚಿಕೊಂಡು ಒಳತೊಡೆ ಬಿಗಿಯುತ್ತದೆ. ಆ ನಾಲ್ಕರಲ್ಲಿ ಮೂವರು ತೊಡೆಯ ಮಾತು ಹೇಳಿದರೆ, ಥಾನಿನಲ್ಲಿ ಉಳಿದ ಬಟ್ಟೆಯನ್ನು ಅಗಲ ಕಾಲಿಗೆ ಕತ್ತರಿಸಿಬಿಡಬೇಡಿ. ಪ್ಯಾಟರ್ನ್ ತಿದ್ದಿ ಐದು ಪೀಸ್ ಹೊಲಿಸಿ, ಅದೇ ಮೂವರಿಗೆ ಹಾಕಿ ನೋಡಲು ಹೇಳಿ.